‘ತಪ್ಪು ಮಾಡಿದೆ’ ಎಂದರೆ ಯಾರು ಮಾಡಿದ್ದು?

‘ಯಾವಾಗ ಬಂದೆ?’ ಎಂದು ಗೆಳೆಯ ಕೇಳುತ್ತಾನೆ. ‘ನಿನ್ನೆ ಬಂದೆ’ ಎಂದು ನಾವು ಉತ್ತರಿಸುತ್ತೇವೆ. ಮೊದಲ ವಾಕ್ಯದಲ್ಲಿ ‘ನೀನು’ ಇಲ್ಲ, ಎರಡನೆಯದರಲ್ಲಿ ‘ನಾನು’ ಇಲ್ಲ, ಕ್ರಿಯಾಪದವಂತೂ ಎರಡರಲ್ಲೂ ಒಂದೇ. ಆದರೂ ಯಾರಿಗೂ ಗೊಂದಲವಾಗುವುದಿಲ್ಲ.

ಕರ್ತೃವಾಗಿ ಬರುವ ಸರ್ವನಾಮವನ್ನು ಕನ್ನಡ ಬಿಡಬಲ್ಲದು ಏಕೆಂದರೆ ಕ್ರಿಯಾಪದದ ಕೊನೆಯೇ ಆ ಕೆಲಸವನ್ನು ಮಾಡುತ್ತದೆ ಎಂಬುದು ಸಾಮಾನ್ಯ ವಿವರಣೆ. ಬರುತ್ತೇನೆ, ಬರುತ್ತೀಯೆ, ಬರುತ್ತಾಳೆ, ಬರುತ್ತೇವೆ ಎನ್ನುವಾಗ ಪುರುಷ, ವಚನ, ಪ್ರಥಮಪುರುಷದಲ್ಲಿ ಲಿಂಗ ಕೂಡ ಪ್ರತ್ಯಯದಿಂದಲೇ ತಿಳಿಯುತ್ತದೆ. ಇದು ನಮ್ಮದೊಂದೇ ವೈಶಿಷ್ಟ್ಯವಲ್ಲ. ಪ್ರಪಂಚದ 711 ಭಾಷೆಗಳನ್ನು ಹೋಲಿಸಿದ ಭಾಷಾವಿಜ್ಞಾನಿ ಮ್ಯಾಥ್ಯೂ ಡ್ರೈಯರ್ ಅವರ ಸಮೀಕ್ಷೆಯಲ್ಲಿ 437 ಭಾಷೆಗಳು ಕರ್ತೃವನ್ನು ಕ್ರಿಯಾಪದದ ಪ್ರತ್ಯಯದಿಂದಲೇ ಸೂಚಿಸುತ್ತವೆ. ಇಂಗ್ಲಿಷಿನಂತೆ ಸರ್ವನಾಮವನ್ನು ಹೇಳಲೇಬೇಕೆನ್ನುವ ಭಾಷೆಗಳು 82 ಮಾತ್ರ.

ಆದರೆ ಮೇಲಿನ ‘ಬಂದೆ’ ಈ ವಿವರಣೆಗೆ ಪೂರ್ತಿ ಒಗ್ಗುವುದಿಲ್ಲ. ಹಿಂದೆ ‘ನಾನು ಬಂದೆನು, ನೀನು ಬಂದೆ’ ಎಂಬ ಸ್ಪಷ್ಟ ಭೇದವಿತ್ತು. ‘ನು’ ಉದುರಿದ ಮೇಲೆ ಎರಡೂ ಒಂದಾದವು. ‘ಮಾಡು’, ‘ಹೇಳು’ ಮೊದಲಾದ ಧಾತುಗಳಲ್ಲಿ ತೊಡಕು ಇನ್ನೂ ಹೆಚ್ಚು. ‘ತಪ್ಪು ಮಾಡಿದೆ’ ಎಂಬ ಎರಡೇ ಪದಗಳನ್ನು ತೆಗೆದುಕೊಳ್ಳಿ. ನಾನು ತಪ್ಪು ಮಾಡಿದೆ ಎಂದಾಗಬಹುದು, ನೀನು ತಪ್ಪು ಮಾಡಿದೆ ಎಂದಾಗಬಹುದು, ‘ಮಾಡಿ’ ಮತ್ತು ‘ಇದೆ’ ಸೇರಿದ ರೂಪವಾದರೆ ‘ಸರ್ಕಾರ ತಪ್ಪು ಮಾಡಿದೆ’ ಎಂಬ ಪತ್ರಿಕೆಯ ಶೀರ್ಷಿಕೆಯೂ ಆಗಬಹುದು. ಮಾತಿನಲ್ಲಿ ಇದನ್ನು ಬಿಡಿಸುವುದು ಸಂದರ್ಭ: ಪ್ರಶ್ನೆಯಲ್ಲಿ ಬಂದರೆ ಸಾಮಾನ್ಯವಾಗಿ ಎದುರಿಗಿರುವವನ ಬಗ್ಗೆ, ಹೇಳಿಕೆಯಲ್ಲಿ ಬಂದರೆ ಹೇಳುವವನ ಬಗ್ಗೆ. ಧ್ವನಿಯೂ ಮುಖಭಾವವೂ ಇಲ್ಲದ ಬರಹದಲ್ಲಿ ಮಾತ್ರ ‘ನೀನು ತಪ್ಪು ಮಾಡಿದೆ’ ಎಂದು ಬಿಡಿಸಿ ಹೇಳದಿದ್ದರೆ ಆಪಾದನೆಯು ತಪ್ಪೊಪ್ಪಿಗೆಯಾಗಿ ಕಾಣುವ ಅಪಾಯವಿದೆ.

ನಿಷೇಧಾರ್ಥದಲ್ಲಿ ಪ್ರತ್ಯಯದ ನೆರವು ಸಂಪೂರ್ಣವಾಗಿ ತಪ್ಪಿಹೋಗುತ್ತದೆ. ‘ಹೋಗಲಿಲ್ಲ’ ಎಂಬುದು ನಾನು, ನೀವು, ಅವಳು, ಅವು ಎಲ್ಲಕ್ಕೂ ಒಂದೇ. ಹಳಗನ್ನಡದಲ್ಲಿ ಹೀಗಿರಲಿಲ್ಲ, ನಿಷೇಧ ರೂಪಕ್ಕೂ ಪುರುಷ ಪ್ರತ್ಯಯ ಹತ್ತುತ್ತಿತ್ತು. ಇಂದಿಗೂ ಉಳಿದಿರುವ ‘ಅರಿಯೆ’, ‘ಕಾಣೆ’, ‘ಒಲ್ಲೆ’, ‘ಒಲ್ಲಳು’ ಎಂಬ ಮಾತುಗಳು ಆ ವ್ಯವಸ್ಥೆಯ ಪಳೆಯುಳಿಕೆಗಳು. ‘ಬೇಕು’, ‘ಬಹುದು’ ಸೇರಿದ ರೂಪಗಳೂ ‘ಹೋಗಲಿಲ್ಲ’ದಂತೆ ಎಲ್ಲರಿಗೂ ಒಂದೇ. ಹೀಗಾಗಿ ‘ಅಮ್ಮ ಮದುವೆಗೆ ಕರೆದರು, ಹೋಗಲಿಲ್ಲ’ ಎಂಬ ವಾಕ್ಯದಲ್ಲಿ ಮದುವೆ ತಪ್ಪಿಸಿಕೊಂಡವರು ಯಾರೆಂದು ವ್ಯಾಕರಣ ಹೇಳಲಾರದು. ಆದರೂ ನಾವು ಇಲ್ಲಿ ಸರ್ವನಾಮವನ್ನು ಬಿಡುತ್ತಲೇ ಇರುತ್ತೇವೆ. ಕ್ರಿಯಾಪದಕ್ಕೆ ಪುರುಷ ಪ್ರತ್ಯಯವೇ ಇಲ್ಲದ ಮಲಯಾಳ, ಜಪಾನಿ, ಚೀನೀ ಭಾಷೆಗಳೂ ಕರ್ತೃವನ್ನು ಧಾರಾಳವಾಗಿ ಬಿಡುತ್ತವೆ ಎಂಬುದನ್ನು ಗಮನಿಸಿದರೆ, ಪ್ರತ್ಯಯವು ಲೋಪಕ್ಕೆ ಒಂದು ಅನುಕೂಲವೇ ಹೊರತು ಅದೇ ಕಾರಣವಲ್ಲ ಎಂದು ಒಪ್ಪಬೇಕಾಗುತ್ತದೆ.

ಇನ್ನು ಪ್ರತ್ಯಯ ಸ್ಪಷ್ಟವಾಗಿದ್ದರೂ ಸರ್ವನಾಮವನ್ನು ಹೇಳುವ ಸಂದರ್ಭಗಳಿವೆ. ‘ನೀನು ಮಲಗು, ನಾನು ಎದ್ದಿರುತ್ತೇನೆ’ ಎನ್ನುವಾಗ ‘ಎದ್ದಿರುತ್ತೇನೆ’ ಎಂಬುದರಲ್ಲೇ ‘ನಾನು’ ಅಡಗಿದೆಯಾದರೂ, ಇಬ್ಬರನ್ನು ಎದುರುಬದುರು ನಿಲ್ಲಿಸಲು ಪದವೇ ಬೇಕು. ‘ನಾನೂ’, ‘ನಾನೇ’, ‘ನಾನಂತೂ’ ಎಂದು ಒತ್ತಿ ಹೇಳಬೇಕಾದಾಗಲೂ ಅಷ್ಟೆ; ಆ ಒತ್ತು ಕರ್ತೃವಿನ ಮೇಲೆ ಬೀಳಬೇಕಾದರೆ ಅದಕ್ಕೆ ಅಂಟಿಕೊಳ್ಳಲು ಒಂದು ಸರ್ವನಾಮ ಇರಬೇಕು.

ಇವೆರಡಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ‘ರಮೇಶ ಸುರೇಶನಿಗೆ ಫೋನ್ ಮಾಡಿದಾಗ ಊಟ ಮಾಡುತ್ತಿದ್ದ’ ಎಂಬ ವಾಕ್ಯವನ್ನು ಓದಿದರೆ ನನ್ನ ಕಿವಿಗೆ ಊಟ ಮಾಡುತ್ತಿದ್ದವನು ರಮೇಶ. ‘ಅವನು ಊಟ ಮಾಡುತ್ತಿದ್ದ’ ಎಂದು ಸೇರಿಸಿದರೆ ತಟ್ಟೆ ಸುರೇಶನ ಮುಂದೆ ಹೋಗುತ್ತದೆ. ಇಟಾಲಿಯನ್ ಭಾಷೆಯಲ್ಲಿ ಇಂಥದೇ ವಾಕ್ಯಗಳನ್ನು ಪರೀಕ್ಷಿಸಿದ ಮರಿಯಾ ನೆಲ್ಲಾ ಕಾರ್ಮಿನಾಟಿ ತಮ್ಮ 2002ರ ಪ್ರಬಂಧದಲ್ಲಿ ಈ ಪ್ರವೃತ್ತಿಯನ್ನು ವಿವರಿಸಿದ್ದಾರೆ: ಬಿಟ್ಟ ಸರ್ವನಾಮ ಹಿಂದಿನ ಕರ್ತೃವಿನತ್ತ, ಹೇಳಿದ ಸರ್ವನಾಮ ಕರ್ತೃವಲ್ಲದವನತ್ತ ಕೈತೋರುತ್ತದೆ. ಇದು ಕಟ್ಟುನಿಟ್ಟಾದ ನಿಯಮವಲ್ಲ, ಒಲವು ಮಾತ್ರ. ಹೇಳಿದ ಸರ್ವನಾಮದ ವಿಷಯದಲ್ಲಿ ಆ ಒಲವು ಸಡಿಲವಾಗಿಯೂ ಇದೆ.

ಅನುವಾದದ ಕನ್ನಡ ಎಡವುವುದು ಇಲ್ಲಿಯೇ. ‘ಅವನು ಎದ್ದನು. ಅವನು ಮುಖ ತೊಳೆದನು. ಅವನು ಹೊರಟನು’ ಎಂಬಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಓದುಗ ಪ್ರತಿ ‘ಅವನು’ ಬಂದಾಗಲೂ ಬೇರೊಬ್ಬ ಬಂದನೇ ಎಂದು ಅರೆಕ್ಷಣ ತಡೆಯುತ್ತಾನೆ. ‘ಎದ್ದು ಮುಖ ತೊಳೆದು ಹೊರಟ’ ಎಂದರೆ ಆ ತಡೆಯೇ ಇಲ್ಲ.

ಸರ್ವನಾಮ ಬಿಟ್ಟರೂ ಕನ್ನಡದಲ್ಲಿ ಒಂದನ್ನು ಮರೆಮಾಚಲಾಗದು: ‘ಬಂದೆ’, ‘ಬಂದಿರಿ’ಗಳಲ್ಲಿ ಏಕವಚನವೋ ಬಹುವಚನವೋ ಬಯಲಾಗಿಬಿಡುತ್ತದೆ. ಎದುರಿಗಿರುವವರನ್ನು ಹೇಗೆ ಕರೆಯುವುದೆಂದು ಇನ್ನೂ ನಿರ್ಧರಿಸದವರು ಅದಕ್ಕೇ ಪ್ರತ್ಯಯವನ್ನೂ ಕೈಬಿಟ್ಟು, ‘ಯಾವಾಗ ಬಂದದ್ದು?’ ಎಂದು ಕೇಳಿ ಪಾರಾಗುತ್ತಾರೆ.