ಚೆಕ್ ಬೌನ್ಸ್: ಅದು ಅಪರಾಧ ಆಗುವುದು ಯಾವತ್ತು?

ಬ್ಯಾಂಕಿನಲ್ಲಿ ‘ಚೆಕ್ ರಿಟರ್ನ್’ ಅನ್ನುತ್ತಾರೆ. ಪೇಪರಿನವರು ‘ಚೆಕ್ ಅಮಾನ್ಯ’ ಅಂತ ಬರೆಯುತ್ತಾರೆ. ಕೋರ್ಟಿನ ಕಡೆ ಹೋದರೆ ಅದೇ ‘ಒನ್ ಥರ್ಟಿ ಎಯ್ಟ್ ಕೇಸು’. ನಾವು ಈ ಮೂರನ್ನೂ ಸೇರಿಸಿ ‘ಚೆಕ್ ಬೌನ್ಸ್’ ಅಂತ ಕರೆದುಬಿಡುತ್ತೇವೆ. ಗಲಿಬಿಲಿ ಶುರುವಾಗುವುದೇ ಇಲ್ಲಿ. ಚೆಕ್ ವಾಪಸ್ ಬರುವುದು ಒಂದು ದಿನದ ಕೆಲಸ. ಅದು ಅಪರಾಧ ಆಗೋಕೆ ಇನ್ನೂ ಕೆಲವು ವಾರ ಬೇಕು. ನಡುವೆ ಒಂದು ಹದಿನೈದು ದಿನ ಸಿಗುತ್ತದೆ. ಸಾಲಗಾರನ ಕೈಯಲ್ಲಿ ನಿಜವಾಗಿ ಏನಾದರೂ ಇರುವುದು ಆ ಹದಿನೈದು ದಿನದಲ್ಲೇ.

ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರ ಲೆಕ್ಕ ತೆಗೆದುಕೊಳ್ಳೋಣ. ರೀಲಿಂಗ್ ಯಂತ್ರಕ್ಕೆ ಖಾಸಗಿ ಫೈನಾನ್ಸಿನಿಂದ ಸಾಲ ಎತ್ತಿದ್ದಾರೆ. ತಿಂಗಳ ಕಂತು 11,400 ರೂಪಾಯಿ. ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನು ಮೊದಲೇ ಸಹಿ ಮಾಡಿ ಕೊಟ್ಟಿದ್ದಾರೆ. ಜೂನ್ 5ರ ಚೆಕ್ ಬ್ಯಾಂಕಿಗೆ ಹೋದಾಗ ನೂಲಿನ ವ್ಯಾಪಾರಿಯಿಂದ ಬರಬೇಕಿದ್ದ ದುಡ್ಡು ಬಂದಿರಲಿಲ್ಲ. ಖಾತೆಯಲ್ಲಿದ್ದದ್ದು ನಾಲ್ಕು ಸಾವಿರ ಚಿಲ್ಲರೆ. ಜೂನ್ 6ಕ್ಕೆ ‘ಹಣ ಸಾಲದು’ ಅನ್ನುವ ರಿಟರ್ನ್ ಮೆಮೊ ಜೊತೆ ಚೆಕ್ ಫೈನಾನ್ಸಿನವರ ಕೈಗೆ ವಾಪಸ್ ಬಂತು.

ಇಷ್ಟಕ್ಕೇ ಅಪರಾಧ ಆಗಿಲ್ಲ. ಸಾಲ ವಸೂಲಿಯ ಹುಡುಗ ಫೋನಿನಲ್ಲಿ ‘ನಾಳೆ ಪೊಲೀಸ್ ಬರ್ತಾರೆ’ ಅಂದರೆ ಅದು ಬರೀ ಹೆದರಿಕೆ. ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಲ್ಲಿ ಸ್ಟೇಷನ್ನಿಗೆ ಹೋಗಿ ದೂರು ಕೊಡುವ ದಾರಿ ಇಲ್ಲ. ಚೆಕ್ ಪಡೆದವರೇ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು ಕೊಡಬೇಕು. ಅದಕ್ಕೂ ಮೊದಲು ಅವರು ಬರಹದಲ್ಲಿ ನೋಟಿಸ್ ಕಳಿಸಲೇಬೇಕು. ಚೆಕ್ ವಾಪಸಾದ ವಿಷಯ ತಮ್ಮ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಕಳಿಸಬೇಕು. ಚೆಕ್ಕಿನ ಮೂರು ತಿಂಗಳ ಆಯುಸ್ಸು ಮುಗಿಯುವವರೆಗೆ ಅದನ್ನು ಇನ್ನೊಮ್ಮೆ ಹಾಕಲೂಬಹುದು, ಆಗ ಮತ್ತೆ ಹೊಸ ಲೆಕ್ಕ.

ನಮ್ಮ ರೀಲರಿಗೆ ನೋಟಿಸ್ ಸಿಕ್ಕಿದ್ದು ಜುಲೈ 2ಕ್ಕೆ. ಆ ದಿನ ಬಿಟ್ಟು ಹದಿನೈದು ದಿನ ಎಣಿಸಿ. ಜುಲೈ 17ರವರೆಗೆ ಚೆಕ್ಕಿನ ಪೂರ್ತಿ ಮೊತ್ತ ಕಟ್ಟಿದರೆ ಈ ಚೆಕ್ಕಿನ ಮೇಲೆ ಕ್ರಿಮಿನಲ್ ಕೇಸು ಹುಟ್ಟುವುದೇ ಇಲ್ಲ. ಕಟ್ಟದಿದ್ದರೆ ಆಮೇಲೆ ಒಂದು ತಿಂಗಳೊಳಗೆ ಫೈನಾನ್ಸಿನವರು ದೂರು ಹಾಕಬಹುದು. ತಡವಾದರೆ ತಕ್ಕ ಕಾರಣ ತೋರಿಸಿ ಕೋರ್ಟಿನ ಮಾಫಿ ಕೇಳುವುದಕ್ಕೂ ದಾರಿ ಇದೆ. ಹಾಗಾಗಿ ‘ತಿಂಗಳು ದಾಟಿತು, ಬಚಾವಾದೆ’ ಅಂತ ಕೂರಬೇಡಿ.

‘ಪೋಸ್ಟ್‌ಮ್ಯಾನ್ ಬಂದಾಗ ಮನೇಲಿಲ್ಲ ಅಂತ ಹೇಳಿಸಿಬಿಡಣ್ಣ’ ಅಂತ ಸಲಹೆ ಕೊಡುವವರು ಊರಿಗೆ ನಾಲ್ಕು ಜನ ಇದ್ದೇ ಇರುತ್ತಾರೆ. ಕೇಳಬೇಡಿ. ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ಬೇಡ ಅಂದರೂ ತಲುಪಿದೆ ಅಂತಲೇ ಕೋರ್ಟು ಹಿಡಿಯುತ್ತದೆ. ನಷ್ಟ ನಿಮಗೇ: ಹದಿನೈದು ದಿನ ಓಡುತ್ತಿರುತ್ತದೆ, ಒಳಗೆ ಏನು ಬರೆದಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ನೋಟಿಸ್ ನಿಜಕ್ಕೂ ಸಿಕ್ಕಿಲ್ಲ ಅನ್ನುವವರಿಗೆ 2007ರಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿದೆ. ದೂರಿನ ಪ್ರತಿಯ ಜೊತೆ ಸಮನ್ಸ್ ಕೈಸೇರಿದ ಹದಿನೈದು ದಿನದಲ್ಲಿ ಚೆಕ್ಕಿನ ಹಣ ಕಟ್ಟಿ, ಕಟ್ಟಿದ್ದೇನೆ ಅಂತ ಕೋರ್ಟಿಗೆ ತಿಳಿಸಬಹುದು.

ಇನ್ನು ನೋಟಿಸಿನ ಒಳಗೆ ನೋಡೋಣ. ರೀಲರ್ ಅದನ್ನು ಓದಿ ಬೆವರಿದ್ದು ಕಂತಿಗಲ್ಲ, ‘ಒಟ್ಟು ಬಾಕಿ 2,10,000’ ಅನ್ನುವ ಸಾಲಿಗೆ. ಅಷ್ಟು ದುಡ್ಡು ಹದಿನೈದು ದಿನದಲ್ಲಿ ಎಲ್ಲಿಂದ ತರೋದು, ಅಲ್ವಾ? ಆದರೆ 138ರ ಪ್ರಕಾರ ಕೇಳಬೇಕಾದ್ದು ಚೆಕ್ಕಿನ ಮೊತ್ತ ಮಾತ್ರ. ಅದನ್ನು ಬೇರೆಯಾಗಿ ನಮೂದಿಸಿ, ಬಡ್ಡಿ, ದಂಡ, ಉಳಿದ ಸಾಲವನ್ನು ಪಕ್ಕದಲ್ಲಿ ಬರೆದಿದ್ದರೆ ನೋಟಿಸ್ ಸರಿಯೇ. ಎಲ್ಲವನ್ನೂ ಕಲೆಸಿ ಒಂದೇ ಮೊತ್ತ ಕೇಳಿದ್ದರೆ ನೋಟಿಸೇ ನಿಲ್ಲುವುದಿಲ್ಲ. ಇದು ವಕೀಲರು ಆಮೇಲೆ ಎತ್ತುವ ವಾದ, ಅದನ್ನು ನಂಬಿ ಗಡುವು ಕಳೆಯಬೇಡಿ. 17ರೊಳಗೆ ಹೋಗಬೇಕಾದ್ದು 11,400. ಐದು ಸಾವಿರ ಕಟ್ಟಿ ‘ಉಳಿದದ್ದು ಮುಂದಿನ ವಾರ’ ಅಂದರೆ, ಅವರು ಬರಹದಲ್ಲಿ ಒಪ್ಪದ ಹೊರತು, ಕೇಸು ತಪ್ಪುವುದಿಲ್ಲ. ಬಾಕಿ ಸಾಲ ಮನ್ನಾ ಆಯಿತು ಅಂತಲೂ ಅಲ್ಲ. ಅದರ ಜಗಳ ಬೇರೆ, ಸಿವಿಲ್ ದಾರಿಯಲ್ಲಿ ನಡೆಯುತ್ತದೆ.

ಕಟ್ಟುವಾಗ ನೇರವಾಗಿ ಸಾಲದ ಖಾತೆಗೆ ಬ್ಯಾಂಕ್ ಮೂಲಕವೇ ಕಟ್ಟಿ. ವಸೂಲಿ ಹುಡುಗನ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದರೆ, ಅದು ಈ ಚೆಕ್ಕಿನ ಹಣ ಅಂತ ಸಾಬೀತು ಮಾಡಲು ಒದ್ದಾಡಬೇಕಾಗುತ್ತದೆ. ಆಮೇಲೆ ನೋಟಿಸ್ ಕಳಿಸಿದ ವಕೀಲರಿಗೂ ಫೈನಾನ್ಸಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಉತ್ತರ ಹಾಕಿ: ಇಂಥ ನಂಬರಿನ ಚೆಕ್ಕಿನ ಹಣ ಇಂಥ ದಿನ ಕಟ್ಟಿದ್ದೇನೆ, ವಿವರ ಇದು, ಚೆಕ್ ಹಿಂದಿರುಗಿಸಿ. ನಾಲ್ಕು ಸಾಲು ಸಾಕು.

ಕೊಡಬೇಕಾದ ಸಾಲವೇ ಇಲ್ಲದಿದ್ದರೆ ಅದನ್ನೂ ಉತ್ತರದಲ್ಲೇ ಹೇಳಬೇಕು. ಚೆಕ್ಕಿನ ಮೇಲಿನ ಸಹಿ ನಿಮ್ಮದಾದರೆ, ಸಾಲ ತೀರಿಸಲು ಕೊಟ್ಟದ್ದೇ ಅಂತ ಕಾನೂನು ಮೊದಲು ಊಹಿಸುತ್ತದೆ. ಅಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ‘ಸೆಕ್ಯೂರಿಟಿಗೆ ಅಂತ ಖಾಲಿ ಚೆಕ್ ಕೊಟ್ಟಿದ್ದೆ, ಅವರೇ ತುಂಬಿಸಿದ್ದಾರೆ’ ಅನ್ನುವ ಮಾತು ಒಂದೇ ನಿಲ್ಲುವುದಿಲ್ಲ. ಸಾಲ ಕೈಗೆ ಬಂದಿದ್ದು, ಚೆಕ್ಕಿನ ತಾರೀಕಿಗೆ ಕಂತು ಬಾಕಿ ಇದ್ದರೆ ಅದು ಸಾಲವೇ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ತಿಂಗಳ ಕಂತನ್ನು ಮೊದಲೇ ನಗದಾಗಿ ಕಟ್ಟಿ ರಸೀದಿ ಇಟ್ಟುಕೊಂಡಿದ್ದು, ಅವರು ಅದೇ ಕಂತಿನ ಚೆಕ್ ಹಾಕಿದ್ದರೆ ಲೆಕ್ಕ ತಿರುಗುತ್ತದೆ. ಚೆಕ್ ಹಾಕುವ ಮೊದಲೇ ಅರ್ಧ ಕಟ್ಟಿದ್ದರೂ ಅಷ್ಟೇ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸಿ ಉಳಿದದ್ದಕ್ಕೆ ಮಾತ್ರ ಹಾಕಬೇಕು, ಪೂರ್ತಿ ಮೊತ್ತಕ್ಕೆ ಹಾಕಿದರೆ 138 ಅನ್ವಯಿಸದು ಅಂತ 2022ರ ತೀರ್ಪು ಇದೆ. ಬಣ್ಣ ಮಾಸಿದ ಆ ಸಣ್ಣ ರಸೀದಿ ಚೀಟಿಗೆ ಬೆಲೆ ಬರುವುದು ಆಗ.

ಚೆಕ್ಕಿಗೆ ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟರೂ, ಖಾತೆಯನ್ನೇ ಮುಚ್ಚಿದರೂ ತಪ್ಪಿಸಿಕೊಳ್ಳಲಾಗದು. ಚೆಕ್ ಬದಲು ಆಟೋ ಡೆಬಿಟ್ ಬೌನ್ಸ್ ಆದರೆ 2007ರ ಪೇಮೆಂಟ್ ಅಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಮು ಹಿಡಿಯುತ್ತದೆ. ಅಲ್ಲೂ ನೋಟಿಸ್, ಹದಿನೈದು ದಿನ, ಎಲ್ಲ ಹೀಗೇ.

ಗಡುವು ತಪ್ಪಿ ಕೇಸು ಬಿತ್ತು ಅನ್ನಿ. ಕೇಸು ಎಲ್ಲಿ ನಡೆಯುತ್ತದೆ? ಶಿಡ್ಲಘಟ್ಟದಲ್ಲೇ ಅಂದುಕೊಳ್ಳುತ್ತಾರೆ ಜನ. 2015ರ ತಿದ್ದುಪಡಿ ಆದ ಮೇಲೆ, ಖಾತೆಗೆ ಹಾಕಿದ ಚೆಕ್ಕಾದರೆ, ಅದನ್ನು ಪಡೆದವರ ಖಾತೆ ಯಾವ ಶಾಖೆಯಲ್ಲಿದೆಯೋ ಆ ಊರಿನ ಕೋರ್ಟಿನಲ್ಲಿ. ಫೈನಾನ್ಸಿನ ಖಾತೆ ಬೆಂಗಳೂರಿನಲ್ಲಿದ್ದರೆ 11,400ರ ಚೆಕ್ಕಿಗಾಗಿ ಪ್ರತಿ ವಾಯಿದೆಗೂ ಬೆಳಗಿನ ಬಸ್ಸು. ಸಮನ್ಸ್ ಬಂದರೂ ಹೋಗದಿದ್ದರೆ ವಾರಂಟ್. ಇದು ಜಾಮೀನು ಸಿಗುವ ಅಪರಾಧ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ತಪ್ಪೊಪ್ಪದೆ ಕೇಸು ನಡೆಸಿದರೆ, ಚೆಕ್ಕಿನ ಶೇ 20ರವರೆಗೆ ಮಧ್ಯಂತರ ಪರಿಹಾರ ಕಟ್ಟಿ ಅಂತಲೂ ಕೋರ್ಟು ಹೇಳಬಹುದು. ರಾಜಿಗೆ ಮಾತ್ರ ಯಾವ ಹಂತದಲ್ಲೂ ಬಾಗಿಲು ತೆರೆದಿರುತ್ತದೆ, ಲೋಕ ಅದಾಲತ್‌ನಲ್ಲೂ.

ನಮ್ಮ ರೀಲರ್ ಜುಲೈ 14ಕ್ಕೆ ಭಾವನ ಹತ್ತಿರ ಕೈಗಡ ತಂದು ಕಟ್ಟಿದರು ಅಂತಿಟ್ಟುಕೊಳ್ಳಿ. ಜೂನಿನ ಚೆಕ್ ವಾಪಸ್ ಕೇಳಿದರೆ ಸಾಲದು. ಆಗಸ್ಟ್ 5ರ ಚೆಕ್ಕೂ ಫೈನಾನ್ಸಿನವರ ಅದೇ ಕಪಾಟಿನಲ್ಲಿದೆ.