ಕೆಂಪು-ಹಸಿರು ಕಾಣದವರಿಗೆ ಯಾವ ಸ್ವಿಚ್?

ಸರಕು ಸಾಗಣೆ ಕಚೇರಿಯೊಂದರಲ್ಲಿ ಕೆಲಸ ಮಾಡುವ ಯುವಕ ನನ್ನ ಕಣ್ಣಿನ ಪರೀಕ್ಷಾ ಕೋಣೆಗೆ ಲ್ಯಾಪ್‌ಟಾಪ್ ಸಮೇತ ಬಂದಿದ್ದ. ಅವನು ದಿನವಿಡೀ ನೋಡುವುದು ಬ್ರೌಸರಿನಲ್ಲಿ ತೆರೆದ ಒಂದೇ ಪುಟ. ಅದರ ತುಂಬ ಚೌಕಗಳು, ಪ್ರತಿ ಚೌಕದಲ್ಲೊಂದು ಲಾರಿಯ ನಂಬರು. ಸರಕು ತಲುಪಿದ್ದರೆ ಚೌಕ ಹಸಿರು, ದಾರಿಯಲ್ಲಿ ನಿಂತಿದ್ದರೆ ಕೆಂಪು. ಎರಡೂ ಅವನಿಗೆ ಹೆಚ್ಚುಕಡಿಮೆ ಒಂದೇ ಕಂದು. ಪಕ್ಕದ ಮೇಜಿನವರು ಕನಿಕರಪಟ್ಟು ಹೈ ಕಾಂಟ್ರಾಸ್ಟ್ ಹಾಕಿಕೊಟ್ಟಿದ್ದರು. "ಮೊದಲು ಎರಡು ಬಣ್ಣ ಒಂದೇ ಥರ ಕಾಣುತ್ತಿದ್ದವು ಮೇಡಂ. ಈಗ ಬಣ್ಣವೇ ಇಲ್ಲ" ಎಂದ.

ಅವನ ಮಾತು ಅಕ್ಷರಶಃ ನಿಜ. ವಿಂಡೋಸ್‌ನಲ್ಲಿ Contrast themes ಎಂದಿರುವ ಈ ಸೌಲಭ್ಯ ಇರುವುದು ಮಸುಕಾಗಿ ಕಾಣುವವರು ಅಕ್ಷರ ಓದಲೆಂದು. ಅದನ್ನು ಹಾಕಿದರೆ ಬ್ರೌಸರು ಪುಟದ ಹಿನ್ನೆಲೆ ಬಣ್ಣಗಳನ್ನೆಲ್ಲ ಕಿತ್ತುಹಾಕಿ ಥೀಮಿನ ನಾಲ್ಕಾರು ಬಣ್ಣಗಳನ್ನು ತುಂಬುತ್ತದೆ. ಸುದ್ದಿ ಓದುವವರಿಗೆ ಅದು ವರ. ಸುದ್ದಿಯೇ ಬಣ್ಣದಲ್ಲಿದ್ದಾಗ ಮಾತ್ರ ಬಣ್ಣದ ಜೊತೆ ಸುದ್ದಿಯೂ ಹೋಗುತ್ತದೆ. ಅವನ ಚೌಕಗಳೆಲ್ಲ ಕಪ್ಪಾಗಿದ್ದವು. ಪುಟದ ಮೂಲೆಯಲ್ಲಿದ್ದ ಚಿತ್ರರೂಪದ ನಕ್ಷೆಯೊಂದು ಮಾತ್ರ ಹಳೆಯ ಕೆಂಪು-ಹಸಿರಿನಲ್ಲೇ ಉಳಿದಿತ್ತು. ಚಿತ್ರಗಳನ್ನು ಈ ಥೀಮು ಮುಟ್ಟುವುದಿಲ್ಲ. ಎಡಗಡೆಯ Alt, ಎಡಗಡೆಯ Shift ಮತ್ತು Print Screen ಒಟ್ಟಿಗೆ ಒತ್ತಿ ಥೀಮನ್ನು ತೆಗೆಸಿದೆ.

ಪುಟ ಮಾಡಿದವರನ್ನೂ ಪೂರ್ತಿ ಬೈಯುವಂತಿಲ್ಲ. ಅವರ ಕೆಂಪು #D32F2F, ಹಸಿರು #388E3C. ಬಿಳಿ ಅಕ್ಷರದೊಂದಿಗೆ ಹೋಲಿಸಿದರೆ ಕೆಂಪಿನ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, ಸುಮಾರು 5, ಹಸಿರಿನದು ಸುಮಾರು 4. ನಂಬರು ಓದಲು ಅಂಥ ತೊಂದರೆಯಿಲ್ಲ. ಆದರೆ ಆ ಕೆಂಪನ್ನು ಆ ಹಸಿರಿನ ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೆ ಬರುವುದು ಬರೀ 1.2. ಎರಡರ ಹೊಳಪೂ ಹತ್ತಿರ ಹತ್ತಿರ ಒಂದೇ. ಬಣ್ಣ ಕಾಣದವನು ಹೊಳಪಿನ ವ್ಯತ್ಯಾಸದಿಂದಲೇ ಅಂದಾಜು ಮಾಡುತ್ತಾನೆ. ಇಲ್ಲಿ ಆ ಊರುಗೋಲೂ ಇಲ್ಲ.

ಅವನಿಗೆ ಬೇಕಿದ್ದದ್ದು ಪರದೆಯ ಬಣ್ಣಗಳನ್ನೇ ಬದಲಿಸುವ ಕಲರ್ ಫಿಲ್ಟರ್. ಅದಕ್ಕೆ ಮೊದಲು ದುರ್ಬಲವಾಗಿರುವುದು ಕೆಂಪೋ ಹಸಿರೋ ಎಂದು ತಿಳಿಯಬೇಕು. ಬಣ್ಣದ ದೃಷ್ಟಿ ಪರೀಕ್ಷಿಸುವ ಇಶಿಹಾರಾ ಪುಸ್ತಕದ ಚುಕ್ಕೆಗಳ ನಡುವೆ, ಬಣ್ಣ ಸರಿಯಾಗಿ ಕಾಣುವವರಿಗೆ 42 ಎಂದು ಕಾಣುವ ಒಂದು ಪುಟವಿದೆ. ಕೆಂಪು ಕಾಣದವರು ಅದರಲ್ಲಿ 2 ಎನ್ನುತ್ತಾರೆ, ಹಸಿರು ಕಾಣದವರು 4 ಎನ್ನುತ್ತಾರೆ. ದೋಷ ಸೌಮ್ಯವಾಗಿದ್ದರೆ ಎರಡೂ ಅಂಕಿ ಕಾಣುತ್ತವೆ, ಒಂದು ಮಾತ್ರ ಹೆಚ್ಚು ಸ್ಪಷ್ಟವಾಗಿರುತ್ತದೆ. ಇವನು ಯೋಚಿಸದೆ "ನಾಲ್ಕು" ಎಂದ. ಮನೆಯಲ್ಲೇ ಅಂದಾಜು ಬೇಕಿದ್ದವರು ಕಪ್ಪು ಹಿನ್ನೆಲೆಯ ಮೇಲಿನ ಅಚ್ಚ ಕೆಂಪು ಅಕ್ಷರ ನೋಡಲಿ. ಕೆಂಪು ದುರ್ಬಲವಾದವರಿಗೆ ಅದು ತೀರ ಮಂಕಾಗಿ, ಕೆಲವೊಮ್ಮೆ ಇಲ್ಲವೆಂಬಷ್ಟು ಕಪ್ಪಾಗಿ ಕಾಣುತ್ತದೆ.

ಹಾದಿ ಇಷ್ಟೇ: Settings, ಅದರಲ್ಲಿ Accessibility, ಅದರಲ್ಲಿ Color filters. ಫಿಲ್ಟರ್ ಆನ್ ಮಾಡಿ, ಕೆಂಪು-ಹಸಿರಿನ ಎರಡು ಆಯ್ಕೆಗಳಲ್ಲಿ ಹಸಿರು ದುರ್ಬಲ ಎಂಬ ಅರ್ಥದ ಆಯ್ಕೆಯನ್ನು ಹಾಕಿಸಿದೆ. ಅಲ್ಲೇ ಇರುವ ಮಾದರಿ ಚಿತ್ರವನ್ನು ನಾನು ನಂಬುವುದಿಲ್ಲ. ಅವನ ಪುಟವನ್ನೇ ತೆರೆಸಿ, ನಿಂತ ಲಾರಿಗಳನ್ನು ಬೆರಳಿಟ್ಟು ತೋರಿಸು ಎಂದೆ. ಹನ್ನೊಂದರಲ್ಲಿ ಹನ್ನೊಂದನ್ನೂ ತೋರಿಸಿದ. ಪಕ್ಕದ ಆಯ್ಕೆಯನ್ನೂ ಹಾಕಿ ನೋಡಿದೆವು, ಎರಡು ತಪ್ಪಿದವು. ಪರೀಕ್ಷೆಯ ಫಲಿತಾಂಶಕ್ಕೂ ಪರದೆಯ ಅನುಭವಕ್ಕೂ ತಾಳೆಯಾಗದಿದ್ದರೆ ನಾನು ಪರದೆಯ ಪಕ್ಷ.

ಹಾಗೆಂದು ಅವನಿಗೆ ಕೆಂಪು ಕಂಡಿತೆಂದಲ್ಲ. ಕಣ್ಣಿನಲ್ಲಿ ಬಣ್ಣ ಗ್ರಹಿಸುವ, ದುರ್ಬಲವಾದ ಶಂಕುಕೋಶವನ್ನು ಯಾವ ಸ್ವಿಚ್ಚೂ ಸರಿಪಡಿಸುವುದಿಲ್ಲ. ಕೆಂಪು-ಹಸಿರುಗಳ ನಡುವೆ ಅವನಿಗೆ ದಕ್ಕದ ವ್ಯತ್ಯಾಸವನ್ನು ಫಿಲ್ಟರ್ ತೆಗೆದು ನೀಲಿ-ಹಳದಿಯ ಕಡೆಗೆ ಮತ್ತು ಹೊಳಪಿನ ಕಡೆಗೆ ತಳ್ಳುತ್ತದೆ, ಏಕೆಂದರೆ ಅಲ್ಲಿ ಅವನ ಕಣ್ಣು ಗಟ್ಟಿ. ಇದಕ್ಕೆ ಬೆಲೆಯೂ ಇದೆ. ಮೊದಲು ಬೇರೆಯಾಗಿದ್ದ ಇನ್ನಾವುದೋ ಎರಡು ಬಣ್ಣಗಳು ಈಗ ಹತ್ತಿರ ಬರಬಹುದು, ಫೋಟೋದಲ್ಲಿ ಮುಖದ ಬಣ್ಣ ಕೆಡುತ್ತದೆ. ಆದ್ದರಿಂದ ದಿನವಿಡೀ ಹಾಕಿಕೊಂಡಿರಬೇಡ ಎಂದೆ. ಅದೇ ಪುಟದಲ್ಲಿ ಕೀಲಿಯ ಶಾರ್ಟ್‌ಕಟ್ಟಿನ ಸ್ವಿಚ್ಚನ್ನೂ ಆನ್ ಮಾಡಿಸಿದೆ, Windows + Ctrl + C ಒತ್ತಿದರೆ ಫಿಲ್ಟರ್ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ಆ ಸ್ವಿಚ್ಚು ಆನ್ ಆಗಿರದಿದ್ದರೆ ಕೀಲಿ ಎಷ್ಟು ಒತ್ತಿದರೂ ಏನೂ ಆಗದು. ನನಗೆ ಬರುವ ದೂರುಗಳಲ್ಲಿ ಅರ್ಧ ಇದೇ. ಆಂಡ್ರಾಯ್ಡ್ ಫೋನಿನಲ್ಲಿ ಇದರ ಹೆಸರು Color correction. ಐಫೋನಿನಲ್ಲಿ ಫಿಲ್ಟರಿನ ಜೊತೆ Intensity ಎಂಬ ಜಾರುಪಟ್ಟಿಯೂ ಇರುವುದರಿಂದ ಸೌಮ್ಯ ದೋಷದವರು ಬೇಕಾದಷ್ಟೇ ಏರಿಸಿಕೊಳ್ಳಬಹುದು.

ವಾರದ ನಂತರ ಅವನಿಂದ ಫೋನು ಬಂತು. ತನಗೆ ಪುಟ ಈಗ ಹೇಗೆ ಕಾಣುತ್ತದೆಂದು ಮೇಲಧಿಕಾರಿಗೆ ತೋರಿಸಲು ಸ್ಕ್ರೀನ್‌ಶಾಟ್ ಕಳುಹಿಸಿದ್ದನಂತೆ. "ಏನೂ ಬದಲಾಗಿಲ್ಲವಲ್ಲ" ಎಂದು ಅವರು ನಕ್ಕರಂತೆ. ಫಿಲ್ಟರ್ ಕೆಲಸ ಮಾಡುವುದು ಪರದೆಗೆ ಹೋಗುವ ಕೊನೆಯ ಹಂತದಲ್ಲಿ. ಸ್ಕ್ರೀನ್‌ಶಾಟ್‌ನಲ್ಲಿ, ಮುದ್ರಿಸಿದ ಹಾಳೆಯಲ್ಲಿ ಅದು ಇರುವುದಿಲ್ಲ. ಪರದೆಯನ್ನೇ ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸಲು ಹೇಳಿದೆ. ಜೊತೆಗೆ, ನಿಂತ ಲಾರಿಯ ಚೌಕದಲ್ಲಿ ನಂಬರಿನ ಕೆಳಗೆ "ನಿಂತಿದೆ" ಎಂದು ಬರೆಯಲು ಎಷ್ಟು ಖರ್ಚಾಗುತ್ತದೆಂದು ಅವರನ್ನೇ ಕೇಳು ಎಂದೆ.