ಹಳೇ ಮೆಷಿನ್, ಹಳೇ ಕಾರು ಮಾರುವ ಮುನ್ನ

‘ಹಳೇ ಸಾಮಾನು ತಾನೇ ಸಾರ್, ಅದಕ್ಕೂ ಜಿಎಸ್‌ಟಿನಾ?’ ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಕೇಳುವ ಪ್ರಶ್ನೆ ಇದು. ಹೌದು, ಅದಕ್ಕೂ ಇದೆ. ಆದರೆ ಮೆಷಿನ್‌ಗೆ ಒಂದು ಲೆಕ್ಕ, ಕಾರಿಗೆ ಇನ್ನೊಂದು. ಮಾರುವ ಬೆಲೆಯನ್ನು ನಾನು ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ‘ಕೊಂಡಾಗ ಇನ್‌ಪುಟ್ ಕ್ರೆಡಿಟ್ ತಗೊಂಡಿದ್ರಾ?’ ಅಂತ. ಅಂದರೆ, ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡಿದ್ದಾರಾ ಎಂದು.

ಒಂದು ಲೇತ್ ಮೆಷಿನ್ ಉದಾಹರಣೆ ನೋಡೋಣ. 2022ರ ಆಗಸ್ಟ್ 10ರ ಬಿಲ್. ಬೆಲೆ 10 ಲಕ್ಷ, ಅದರ ಮೇಲೆ 18% ಅಂದರೆ 1,80,000 ರೂಪಾಯಿ ಜಿಎಸ್‌ಟಿ. ಅಷ್ಟನ್ನೂ ಕ್ರೆಡಿಟ್ ಆಗಿ ತೆಗೆದುಕೊಂಡಿದ್ದಾರೆ. 2025ರ ನವೆಂಬರ್ 20ಕ್ಕೆ ಅದನ್ನು ಮಾರುತ್ತಿದ್ದಾರೆ. ಜಿಎಸ್‌ಟಿ ಕಾಯ್ದೆಯ 18(6)ನೇ ಸೆಕ್ಷನ್ ಪ್ರಕಾರ ಇಲ್ಲಿ ಎರಡು ಮೊತ್ತ ಹಾಕಿ ನೋಡಬೇಕು. ಒಂದು, ಮಾರುವ ಬೆಲೆಯ ಮೇಲಿನ ತೆರಿಗೆ. ಇನ್ನೊಂದು, ಹಿಂದೆ ತೆಗೆದುಕೊಂಡ ಕ್ರೆಡಿಟ್‌ನಲ್ಲಿ ‘ಇನ್ನೂ ಉಳಿದಿದೆ’ ಎಂದು ಲೆಕ್ಕವಾಗುವ ಭಾಗ. ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು.

ಉಳಿದ ಕ್ರೆಡಿಟ್ ಲೆಕ್ಕಕ್ಕೆ ಬಿಲ್ ತಾರೀಖಿನಿಂದ ಪ್ರತಿ ಮೂರು ತಿಂಗಳಿಗೆ 5% ಕಳೆಯುತ್ತಾ ಬರಬೇಕು. ಮೂರು ತಿಂಗಳಲ್ಲಿ ಒಂದೇ ದಿನ ಆಗಿದ್ದರೂ ಅದನ್ನು ಪೂರ್ತಿ ಎಣಿಸಬಹುದು. ಈ ಲೇತ್‌ಗೆ ಹದಿಮೂರು ಪೂರ್ತಿ, ಮೇಲೆ ಹತ್ತು ದಿನ. ಹಾಗಾಗಿ ಹದಿನಾಲ್ಕು. 70% ಹೋಯಿತು, 30% ಉಳಿಯಿತು, ಅಂದರೆ 54,000. ಲೇತ್ 3,50,000ಕ್ಕೆ ಹೋದರೆ ತೆರಿಗೆ 63,000. ಅದೇ ಜಾಸ್ತಿ, ತಕರಾರಿಲ್ಲ. ಗಿರಾಕಿ 2 ಲಕ್ಷಕ್ಕೆ ಚೌಕಾಸಿ ಮಾಡಿದ ಅನ್ನಿ. ಆಗ ಬೆಲೆಯ ಮೇಲಿನ ತೆರಿಗೆ 36,000 ಮಾತ್ರ, ಕಟ್ಟಬೇಕಾದ್ದು 54,000. ಮಧ್ಯದ 18,000 ಸಾಮಾನ್ಯವಾಗಿ ಮಾರುವವರ ಜೇಬಿನಿಂದಲೇ ಹೋಗುತ್ತದೆ. ಅದಕ್ಕೇ ರೇಟು ಮಾತಾಡುವ ಮೊದಲು ಹಳೇ ಬಿಲ್ ತೆಗೆದಿಟ್ಟುಕೊಳ್ಳಿ ಅನ್ನುವುದು.

ಇಲ್ಲಿ ಒಂದು ಕಿರಿಕಿರಿ ಇದೆ. ಈಗ ಹೇಳಿದ 5% ಲೆಕ್ಕ 40ನೇ ನಿಯಮದ್ದು. ಅದೇ ಸೆಕ್ಷನ್ನಿಗೆ 44ನೇ ನಿಯಮ ಬೇರೆ ದಾರಿ ಹೇಳುತ್ತದೆ. ಮೆಷಿನ್‌ಗೆ 60 ತಿಂಗಳ ಆಯಸ್ಸು ಎಂದುಕೊಂಡು, ಉಳಿದ ತಿಂಗಳುಗಳ ಲೆಕ್ಕದಲ್ಲಿ ಕ್ರೆಡಿಟ್ ಹಂಚಬೇಕು. ಹಾಗೆ ನೋಡಿದರೆ ನಮ್ಮ ಲೇತ್‌ಗೆ 20 ತಿಂಗಳು ಉಳಿದಿದೆ, ಮೊತ್ತ 60,000. ಆರು ಸಾವಿರದ ವ್ಯತ್ಯಾಸಕ್ಕೆ ನೋಟಿಸ್ ತರಿಸಿಕೊಳ್ಳುವುದು ಯಾಕೆ? ಸಣ್ಣ ಮೊತ್ತವಾದರೆ ದೊಡ್ಡದನ್ನೇ ಕಟ್ಟಿಬಿಡಿ ಎನ್ನುತ್ತೇನೆ. ಮೊತ್ತ ದೊಡ್ಡದಿದ್ದರೆ ಮಾತ್ರ ವಾದ ಮಾಡುವುದರಲ್ಲಿ ಅರ್ಥವಿದೆ.

‘ಐದು ವರ್ಷ ಆಯ್ತಲ್ಲ, ಇನ್ನು ಜಿಎಸ್‌ಟಿ ಇಲ್ಲ’ ಎಂಬ ಮಾತೂ ಓಡಾಡುತ್ತದೆ. ಐದು ವರ್ಷಕ್ಕೆ ಸೊನ್ನೆಯಾಗುವುದು ಉಳಿದ ಕ್ರೆಡಿಟ್ ಮಾತ್ರ. ಮಾರುವ ಬೆಲೆಯ ಮೇಲಿನ 18% ಹಾಗೇ ಇರುತ್ತದೆ. ಕ್ರೆಡಿಟ್ ತೆಗೆದುಕೊಳ್ಳದೇ ಇದ್ದ ಮೆಷಿನ್‌ಗೂ ಅಷ್ಟೇ, ಪೂರ್ತಿ ಬೆಲೆಯ ಮೇಲೆ ತೆರಿಗೆ.

ಕಾರಿನ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಮಾಲೀಕರು ಓಡಾಡುವ ಕಾರಿಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅದಕ್ಕೇ ಸರ್ಕಾರ 2018ರ ಜನವರಿಯಲ್ಲಿ, ಕ್ರೆಡಿಟ್ ತೆಗೆದುಕೊಳ್ಳದ ಹಳೇ ವಾಹನಕ್ಕೆ ಲಾಭದ ಮೇಲೆ ಮಾತ್ರ ತೆರಿಗೆ ಎಂದು ಮಾಡಿತು. ಆಗ ಸಣ್ಣ ಗಾಡಿಗೆ 12% ಇತ್ತು. 2025ರ ಜನವರಿಯಿಂದ ಸಣ್ಣದು, ದೊಡ್ಡದು, ವಿದ್ಯುತ್ ಗಾಡಿ ಎಲ್ಲಕ್ಕೂ 18%.

ಲಾಭ ಅಂದರೆ ಏನು ಅನ್ನುವಲ್ಲೇ ಎಡವಟ್ಟಾಗುವುದು. ಸವಕಳಿ ತೋರಿಸಿದ ಕಾರಾದರೆ ಮಾರಿದ ಬೆಲೆಯಿಂದ ಕಳೆಯಬೇಕಾದ್ದು ಕೊಂಡ ಬೆಲೆಯನ್ನಲ್ಲ, ಆದಾಯ ತೆರಿಗೆ ಲೆಕ್ಕದಲ್ಲಿ ಸವಕಳಿ ಕಳೆದು ಉಳಿದ ಮೌಲ್ಯವನ್ನು. 2021ರ ಜೂನ್‌ನಲ್ಲಿ 12 ಲಕ್ಷಕ್ಕೆ ಕೊಂಡ ಕಾರು, ವರ್ಷಕ್ಕೆ 15% ಸವಕಳಿ ಹೋಗಿ, 2025ರ ಮಾರ್ಚ್ ಕೊನೆಗೆ ಸುಮಾರು 6,26,400ಕ್ಕೆ ಬಂದಿರುತ್ತದೆ. ಏಪ್ರಿಲ್‌ನಲ್ಲಿ 7 ಲಕ್ಷಕ್ಕೆ ಮಾರಿದರೆ ಲಾಭ 73,600, ತೆರಿಗೆ 13,248. ‘12 ಲಕ್ಷದ ಕಾರು 7ಕ್ಕೆ ಹೋಯ್ತು, ನಷ್ಟ’ ಎಂದು ಸುಮ್ನೆ ಕೂತರೆ ಈ ಮೊತ್ತ ಬಾಕಿಯಾಗಿ ಉಳಿಯುತ್ತದೆ. ಐದೂವರೆ ಲಕ್ಷಕ್ಕೇ ಮಾರಿದ್ದರೆ ಲಾಭವಿಲ್ಲ, ತೆರಿಗೆಯೂ ಇಲ್ಲ. ಆ ನಷ್ಟವನ್ನು ಇನ್ನೊಂದು ಕಾರಿನ ಲಾಭಕ್ಕೆ ವಜಾ ಹಾಕಲು ಮಾತ್ರ ಬರುವುದಿಲ್ಲ. ಹಾಗಾಗಿ ಪ್ರತಿ ಗಾಡಿಯ ಮೌಲ್ಯ ಬೇರೆ ಬೇರೆ ಬರೆದಿಡಬೇಕು. ಕಂಪನಿಗಳಲ್ಲಾದರೆ ಬ್ಯಾಲೆನ್ಸ್ ಶೀಟ್‌ನ ಸವಕಳಿ ಬೇರೆ, ಆದಾಯ ತೆರಿಗೆಯ ಸವಕಳಿ ಬೇರೆ. ಇಲ್ಲಿ ಬೇಕಿರುವುದು ಎರಡನೆಯದು.

ಕ್ರೆಡಿಟ್ ತೆಗೆದುಕೊಂಡ ಸರಕು ಸಾಗಣೆ ಟೆಂಪೊಗೆ ಈ ರಿಯಾಯಿತಿ ಇಲ್ಲ. ಅದು ಗಾಡಿಯಾದರೂ ಲೇತ್‌ನ ಲೆಕ್ಕಕ್ಕೇ ಸೇರುತ್ತದೆ.

ಮಾರಾಟ ಸಿಕ್ಕಿಬೀಳುವುದು ಎಲ್ಲಿ ಅಂತೀರಾ? ಬ್ಯಾಲೆನ್ಸ್ ಶೀಟ್‌ನ ಫಿಕ್ಸೆಡ್ ಅಸೆಟ್ಸ್ ಪಟ್ಟಿಯಲ್ಲಿ. ಅಲ್ಲಿ ‘ಮಾರಾಟ’ ಎಂದು ಕಳೆದ ಮೊತ್ತ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರಲ್ಲಿ ಕಾಣದಿದ್ದರೆ, ಆಡಿಟ್‌ಗೆ ಬಂದ ಅಧಿಕಾರಿಗೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಆಮೇಲೆ ತೆರಿಗೆಯ ಜತೆ ವರ್ಷಕ್ಕೆ 18% ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ.